ಸ್ಟೊಕಾಸ್ಟಿಕ್‌ನ ಮೂರು ರೂಪಗಳು: ಎಂಟು ದಿನಗಳ ಲೆಕ್ಕದಿಂದ ನಾನು ಕಂಡುಕೊಂಡದ್ದು

ಮುಕ್ತಾಯದ ಬೆಲೆಯು ಇತ್ತೀಚಿನ ಗರಿಷ್ಠ ಮತ್ತು ಕನಿಷ್ಠಗಳ ನಡುವೆ ಎಲ್ಲಿದೆ ಎಂಬುದನ್ನು 0ಯಿಂದ 100ರ ಅಳತೆಯಲ್ಲಿ ತೋರಿಸುವ ಚಾರ್ಟ್ ಸೂಚಕವೇ ಸ್ಟೊಕಾಸ್ಟಿಕ್. ಅದರ ಫಾಸ್ಟ್, ಸ್ಲೋ, ಫುಲ್ ಎಂಬ ಹೆಸರುಗಳನ್ನು ನೋಡಿ ಇವು ಮೂರು ಬೇರೆ ಬೇರೆ ಸೂಚಕಗಳೆಂದು ನಾನು ಬಹಳ ಕಾಲ ನಂಬಿದ್ದೆ. ಸ್ಲೋ ಮತ್ತು ಫುಲ್ ಎರಡನ್ನೂ ಒಂದೇ ಚಾರ್ಟಿನ ಕೆಳಗೆ ಹಾಕಿಕೊಂಡು, ಎರಡೂ ಒಂದೇ ದಿನ ಸಂಕೇತ ಕೊಟ್ಟಾಗ ಅದನ್ನು ದೃಢೀಕರಣವೆಂದು ಎಣಿಸುತ್ತಿದ್ದೆ. ಫುಲ್‌ನಲ್ಲಿ ನಾನು ಇಟ್ಟಿದ್ದ ಅಂಕಿಗಳು 14, 3, 3. ಅದು ಸ್ಲೋ ರೂಪವೇ ಆಗಿದ್ದುದರಿಂದ ಎರಡೂ ಒಪ್ಪುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಈ ತಪ್ಪು ತಿಳಿದ ಮೇಲೆ ಕಾಗದ ಹಿಡಿದು ಲೆಕ್ಕ ಹಾಕಲು ಕುಳಿತೆ.

```
%K = 100 × (C − L14) / (H14 − L14)
```

ಇಲ್ಲಿ C ಎಂದರೆ ದಿನದ ಮುಕ್ತಾಯದ ಬೆಲೆ. H14 ಮತ್ತು L14 ಎಂದರೆ ಹದಿನಾಲ್ಕು ದಿನಗಳ ಗರಿಷ್ಠ ಮತ್ತು ಕನಿಷ್ಠ. ಫಾಸ್ಟ್ ರೂಪದಲ್ಲಿ ಈ %K ಹಾಗೆಯೇ ಉಳಿಯುತ್ತದೆ, ಅದರ ಮೂರು ದಿನಗಳ ಸರಾಸರಿ %D ಆಗುತ್ತದೆ. ಸ್ಲೋ ರೂಪದಲ್ಲಿ ಆ ಸರಾಸರಿಯೇ ಹೊಸ %K ಆಗಿ, ಅದನ್ನು ಮತ್ತೊಮ್ಮೆ ಮೂರು ದಿನಗಳಿಗೆ ಸರಾಸರಿ ಮಾಡಿದರೆ %D ಸಿಗುತ್ತದೆ. ಫುಲ್ ರೂಪದಲ್ಲಿ %Kಯನ್ನು ಎಷ್ಟು ದಿನಗಳಿಗೆ ಸರಾಸರಿ ಮಾಡಬೇಕೆಂಬ ನಡುವಣ ಅಂಕಿಯನ್ನು ನಾವೇ ಆರಿಸುತ್ತೇವೆ: 14, 1, 3 ಎಂದು ಕೊಟ್ಟರೆ ಅದು ಫಾಸ್ಟ್, 14, 3, 3 ಎಂದು ಕೊಟ್ಟರೆ ಸ್ಲೋ.

ಲೆಕ್ಕ ಸುಲಭವಾಗಲೆಂದು ಕನಿಷ್ಠ 100, ಗರಿಷ್ಠ 120 ಎಂದು ಎಂಟೂ ದಿನ ಬದಲಾಗದೆ ಇರುವ ಉದಾಹರಣೆಯೊಂದನ್ನು ತೆಗೆದುಕೊಂಡೆ. ಮುಕ್ತಾಯದ ಬೆಲೆಗಳು ಕ್ರಮವಾಗಿ 112, 109, 104, 102, 101, 106, 103, 108. ಇವುಗಳಿಂದ ಬರುವ ಫಾಸ್ಟ್ %K 60, 45, 20, 10, 5, 30, 15, 40. ನನ್ನ ನಿಯಮ ಸರಳವಾಗಿತ್ತು: 20ರ ಕೆಳಗೆ ಇಳಿದ %K ಮತ್ತೆ 20ನ್ನು ದಾಟಿದ ದಿನ ಕೊಳ್ಳುವುದು, %K ತನ್ನ %Dಗಿಂತ ಕೆಳಗಿಳಿದ ದಿನ ಮಾರುವುದು. ಫಾಸ್ಟ್‌ನಲ್ಲಿ ಆರನೆಯ ದಿನ 106ಕ್ಕೆ ಕೊಳ್ಳಬೇಕಾಯಿತು. ಏಳನೆಯ ದಿನ %K 15, %D 16.7 ಆದ್ದರಿಂದ 103ಕ್ಕೆ ಮಾರಬೇಕಾಯಿತು. ಎಂಟನೆಯ ದಿನ 108ಕ್ಕೆ ಮತ್ತೆ ಕೊಳ್ಳಬೇಕಾಯಿತು. ಸ್ಲೋ %K ಐದನೆಯ ದಿನದಿಂದ 11.7, 15, 16.7, 28.3 ಎಂದು ಸಾಗಿ, ಎಂಟನೆಯ ದಿನ ಒಂದೇ ಒಂದು ಸಂಕೇತವನ್ನು 108ರಲ್ಲಿ ಕೊಟ್ಟಿತು. ಎರಡೂ ದಾರಿ ಕೊನೆಗೆ 108ಕ್ಕೇ ಬಂದು ನಿಂತರೂ ಫಾಸ್ಟ್ ದಾರಿಯಲ್ಲಿ ಮೂರು ಅಂಕ ಕಳೆದುಹೋಗಿತ್ತು.

ನನ್ನನ್ನು ತಡೆದು ನಿಲ್ಲಿಸಿದ್ದು ಏಳನೆಯ ದಿನ. ಅಂದು ಬೆಲೆ ಇಳಿದಿತ್ತು, ಫಾಸ್ಟ್ %K ಅರ್ಧಕ್ಕೆ ಕುಸಿದಿತ್ತು, ಆದರೆ ಸ್ಲೋ %K 15ರಿಂದ 16.7ಕ್ಕೆ ಏರಿತ್ತು; ಅಷ್ಟೇ ಅಲ್ಲದೆ ತನ್ನ %D ಆದ 14.4ನ್ನು ಅದೇ ದಿನ ಮೇಲ್ಮುಖವಾಗಿ ದಾಟಿತ್ತು. ಕೂಡುವಿಕೆಯಲ್ಲಿ ತಪ್ಪಾಗಿದೆಯೆಂದು ಎರಡು ಸಲ ಪರೀಕ್ಷಿಸಿದೆ. ತಪ್ಪಿರಲಿಲ್ಲ. ಮೂರು ದಿನಗಳ ಸರಾಸರಿಗೆ ಏಳನೆಯ ದಿನದ 15 ಸೇರುವಾಗ ನಾಲ್ಕನೆಯ ದಿನದ 10 ಹೊರಬೀಳುತ್ತದೆ, ಆದ್ದರಿಂದ ಸರಾಸರಿ ಏರುತ್ತದೆ. ಸ್ಲೋ %K ಇಂದಿನ ಫಾಸ್ಟ್ ಅಂಕಿಯನ್ನು ನಿನ್ನೆಯದರೊಂದಿಗೆ ಹೋಲಿಸುವುದೇ ಇಲ್ಲ, ಮೂರು ದಿನಗಳ ಹಿಂದಿನದರೊಂದಿಗೆ ಹೋಲಿಸುತ್ತದೆ. ಫಾಸ್ಟ್‌ನಲ್ಲಿ %K ತನ್ನ %Dಯನ್ನು ದಾಟುವ ಕ್ರಾಸ್‌ಓವರ್ ಇಂದಿನ ಅಂಕಿಯು ಹಿಂದಿನ ಎರಡು ದಿನಗಳ ಸರಾಸರಿಗಿಂತ ಮೇಲಿದೆಯೇ ಎಂಬುದನ್ನಷ್ಟೇ ಕೇಳುತ್ತದೆ. ಹೀಗೆ ಕ್ರಾಸ್‌ಓವರ್ ನೋಡಿ ನಡೆದರೆ ಒಂದೇ ದಿನ ಒಂದು ಮಾರು ಎನ್ನುವುದೂ ಇನ್ನೊಂದು ಕೊಳ್ಳು ಎನ್ನುವುದೂ ಸಾಧ್ಯ. ಅವು ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ.

ಈ ಉದಾಹರಣೆ ಸ್ಲೋ ಪರವಾಗಿ ವಾಲಿದೆಯೆಂದು ಅನುಮಾನ ಬಂದು, ಏಳನೆಯ ದಿನದ ಬೆಲೆಯನ್ನು 110 ಎಂದು ಬದಲಿಸಿ ನೋಡಿದೆ. ಆಗ ಫಾಸ್ಟ್ 106ಕ್ಕೆ ಕೊಂಡು ಹಾಗೆಯೇ ಉಳಿಯುತ್ತದೆ, ಸ್ಲೋ 110ರವರೆಗೆ ಕಾಯಿಸುತ್ತದೆ. ಬೆಲೆ ಹಿಂಜರಿಯದೆ ತಿರುಗಿದಾಗ ಸರಾಸರಿಯಿಂದ ರೇಖೆಯನ್ನು ನಯಗೊಳಿಸಿದ್ದಕ್ಕೆ ತೆರುವ ದಂಡ ಈ ನಾಲ್ಕು ಅಂಕ.

ನಡುವಣ ಅಂಕಿಯನ್ನು 5ಕ್ಕೆ ಏರಿಸಿ ಮೂಲ ಉದಾಹರಣೆಯನ್ನೇ ಮತ್ತೆ ಲೆಕ್ಕ ಹಾಕಿದಾಗ ಐದನೆಯ ದಿನದಿಂದ %K 28, 22, 16, 20 ಎಂದು ಬಂತು. ಬೆಲೆಯ ತಳ ಐದನೆಯ ದಿನವಿದ್ದರೂ ರೇಖೆಯ ತಳ ಏಳನೆಯ ದಿನ ಕಾಣಿಸಿತು. 20ರ ಕೆಳಗೆ ಅದು ಇದ್ದದ್ದು ಅದೊಂದೇ ದಿನ. ಇಳಿತ ಇನ್ನೂ ಸ್ವಲ್ಪ ಚಿಕ್ಕದಾಗಿದ್ದರೆ ರೇಖೆ 20ನ್ನು ಮುಟ್ಟುತ್ತಲೇ ಇರಲಿಲ್ಲ, ಸಂಕೇತವೂ ಹುಟ್ಟುತ್ತಿರಲಿಲ್ಲ. ಸರಾಸರಿಯು ತುದಿಗಳನ್ನು ನಡುವಿಗೆ ಎಳೆಯುವುದರಿಂದ, ನಡುವಣ ಅಂಕಿಯನ್ನು ಬದಲಿಸಿಯೂ ಅತಿಯಾದ ಇಳಿತ ಮತ್ತು ಅತಿಯಾದ ಏರಿಕೆಯನ್ನು ಗುರುತಿಸುವ 20 ಮತ್ತು 80ರ ಗೆರೆಗಳನ್ನು ಹಾಗೆಯೇ ಬಿಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. 5 ಇಟ್ಟುಕೊಂಡಾಗ ನಾನು ಗೆರೆಗಳನ್ನು 25 ಮತ್ತು 75ಕ್ಕೆ ಸರಿಸುತ್ತೇನೆ. ದಿನದ ಚಾರ್ಟಿನಲ್ಲಿ ಮಾತ್ರ ಹೆಚ್ಚಾಗಿ 14, 3, 3ರಲ್ಲೇ ಉಳಿಯುತ್ತೇನೆ, ಮತ್ತು ಅದರ ಪಕ್ಕದಲ್ಲಿ ಎರಡನೆಯ ಸ್ಟೊಕಾಸ್ಟಿಕ್ ಹಾಕುವುದಿಲ್ಲ.