0.24 ಡೆಲ್ಟಾ: ಒಂದೇ ಸಂಖ್ಯೆಯನ್ನು ಎರಡು ರೀತಿ ಓದುವುದು ಹೇಗೆ?

ನಿಫ್ಟಿ 25,000ದಲ್ಲಿದೆ ಅಂದುಕೊಳ್ಳಿ. ಎಕ್ಸ್‌ಪೈರಿಗೆ ಇನ್ನು 7 ದಿನ. 25,300ರ ಕಾಲ್ ಆಪ್ಷನ್ 58 ರೂಪಾಯಿಗೆ ಸಿಗುತ್ತಿದೆ, ಅದರ IV, ಅಂದರೆ ನಿಫ್ಟಿ ಎಷ್ಟು ಏರಿಳಿಯಬಹುದು ಎಂದು ಆಪ್ಷನ್ ಬೆಲೆಯಲ್ಲೇ ಅಡಗಿರುವ ವಾರ್ಷಿಕ ಅಂದಾಜು, 12%. ಬ್ರೋಕರ್ ಆ್ಯಪ್ ತೆರೆದರೆ ಡೆಲ್ಟಾ 0.24 ಎಂದು ತೋರಿಸುತ್ತದೆ. ಇವೆಲ್ಲ ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ಲೆಕ್ಕ ಸರಳವಾಗಲಿ ಅಂತ ಬಡ್ಡಿಯನ್ನು ಬಿಟ್ಟಿದ್ದೇನೆ.

ಈ 0.24 ನೋಡಿ ಒಬ್ಬರು "ನಿಫ್ಟಿ ಒಂದು ಪಾಯಿಂಟ್ ಏರಿದರೆ ಪ್ರೀಮಿಯಂ 24 ಪೈಸೆ ಏರುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಇದು ಇನ್ ದ ಮನಿ ಆಗೋ ಚಾನ್ಸ್ 24%" ಅನ್ನುತ್ತಾರೆ, ಅಂದರೆ ಎಕ್ಸ್‌ಪೈರಿ ದಿನ ನಿಫ್ಟಿ 25,300ರ ಮೇಲೆ ನಿಲ್ಲುವ ಚಾನ್ಸ್. ಮೊದಲನೆಯದು ಡೆಲ್ಟಾದ ಅಸಲಿ ಅರ್ಥ. ಎರಡನೆಯದು ಅಂದಾಜು. ಆದರೆ ಸುಮ್ನೆ ಹುಟ್ಟಿದ ಅಂದಾಜಲ್ಲ.

ಮೊದಲು ರೂಪಾಯಿಯಲ್ಲಿ ಓದಿ

ನಿಫ್ಟಿ 100 ಪಾಯಿಂಟ್ ಏರಿತು. 0.24 ಲೆಕ್ಕದಲ್ಲಿ ಪ್ರೀಮಿಯಂ 24 ರೂಪಾಯಿ ಏರಬೇಕು. ನಿಜಕ್ಕೂ ಸುಮಾರು 28 ಏರುತ್ತದೆ. ಯಾಕೆಂದರೆ ನಿಫ್ಟಿ ಮೇಲೆ ಹೋದಂತೆ ಡೆಲ್ಟಾ ಕೂಡ ಬೆಳೆಯುತ್ತಾ, 25,100 ಮುಟ್ಟುವಾಗ 0.32ರ ಆಸುಪಾಸಿಗೆ ಬಂದಿರುತ್ತದೆ. ಅದೇ 100 ಪಾಯಿಂಟ್ ಇಳಿದರೆ ನಷ್ಟ ಸುಮಾರು 20 ರೂಪಾಯಿ ಮಾತ್ರ. ಅಂದರೆ 0.24 ಅನ್ನುವುದು ಈ ಕ್ಷಣದ, ಸಣ್ಣ ಏರಿಳಿತದ ಲೆಕ್ಕ. ದಿನವಿಡೀ ಅದನ್ನೇ ಹಿಡಿದು ಕೂರುವಂತಿಲ್ಲ.

ದೊಡ್ಡ ಮಟ್ಟದಲ್ಲಿ ಆಪ್ಷನ್ ಮಾರುವವರಿಗೆ ಡೆಲ್ಟಾ ಬೇಕಾಗುವುದು ಇದಕ್ಕೇ. ಈ ಕಾಲ್‌ನ 100 ಲಾಟ್ ಮಾರಿದವರು 24 ಲಾಟ್ ನಿಫ್ಟಿ ಫ್ಯೂಚರ್ಸ್ ಕೊಂಡರೆ ಸಣ್ಣಪುಟ್ಟ ಏರಿಳಿತ ಅವರನ್ನು ತಟ್ಟುವುದಿಲ್ಲ. ಡೆಲ್ಟಾ ಬದಲಾದಂತೆ ಆ 24 ಕೂಡ ಬದಲಾಗಬೇಕು.

ಅದೇ ಸಂಖ್ಯೆ ಸಾಧ್ಯತೆ ಹೇಗಾಯಿತು?

ಎಕ್ಸ್‌ಪೈರಿ ದಿನ ನಿಫ್ಟಿ ಎಲ್ಲೆಲ್ಲಿ ನಿಲ್ಲಬಹುದು ಎಂದು 1,000 ಫಲಿತಾಂಶ ಬರೆದಿಟ್ಟುಕೊಳ್ಳಿ. 12% IV ಲೆಕ್ಕದಲ್ಲಿ ಸುಮಾರು 234ರಲ್ಲಿ ನಿಫ್ಟಿ 25,300 ದಾಟಿರುತ್ತದೆ. ಉಳಿದ 766ರಲ್ಲಿ ನಮ್ಮ ಕಾಲ್ ಸೊನ್ನೆ.

ಈಗ ಇವತ್ತಿನ ನಿಫ್ಟಿಯನ್ನು ಒಂದು ಪಾಯಿಂಟ್ ಮೇಲೆತ್ತಿ. 1,000 ಫಲಿತಾಂಶಗಳೂ ಹೆಚ್ಚುಕಡಿಮೆ ಒಂದೊಂದು ಪಾಯಿಂಟ್ ಮೇಲೇರುತ್ತವೆ. ಸೊನ್ನೆಯಾದ 766ಕ್ಕೆ ಇದರಿಂದ ಏನೂ ಸಿಗುವುದಿಲ್ಲ. ಗಡಿಯಲ್ಲಿದ್ದ ಒಂದೋ ಎರಡೋ ಈಚೆಗೆ ಬಂದರೂ ಅವುಗಳ ಗಳಿಕೆ ಪೈಸೆಗಳಲ್ಲಿ. ಗೆದ್ದ 234ರಲ್ಲಿ ಮಾತ್ರ ತಲಾ ಒಂದು ರೂಪಾಯಿ ಜಾಸ್ತಿ ಸಿಗುತ್ತದೆ. 1,000ಕ್ಕೆ ಹಂಚಿದರೆ 23.4 ಪೈಸೆ. ಪ್ರೀಮಿಯಂ ಏರುವುದು ಆ ಗೆಲುವುಗಳಿಂದಲೇ. ಆದ್ದರಿಂದ ಏರಿಕೆಯ ಲೆಕ್ಕ, ಗೆಲುವಿನ ಲೆಕ್ಕ ಎರಡೂ ಅಕ್ಕಪಕ್ಕ ಬಂದು ನಿಲ್ಲುತ್ತವೆ.

ಹಾಗಾದರೆ 23.4 ಯಾಕೆ 24 ಆಯಿತು? ಫಲಿತಾಂಶಗಳು ಪಾಯಿಂಟ್ ಲೆಕ್ಕದಲ್ಲಲ್ಲ, ಶೇಕಡಾ ಲೆಕ್ಕದಲ್ಲಿ ಮೇಲೇರುತ್ತವೆ. ಗೆದ್ದ 234ರಲ್ಲಿ ನಿಫ್ಟಿಯ ಸರಾಸರಿ ಸುಮಾರು 25,550, ಅಂದರೆ ಇವತ್ತಿಗಿಂತ 2.2% ಮೇಲೆ. ಅವು ಒಂದರ ಬದಲು 1.022 ಪಾಯಿಂಟ್ ಏರುತ್ತವೆ. 23.4ನ್ನು 1.022ರಿಂದ ಗುಣಿಸಿ, 23.9 ಬರುತ್ತದೆ. ಆ್ಯಪ್ ಅದನ್ನೇ 0.24 ಎಂದು ತೋರಿಸುವುದು.

ನೀವೇ ಲೆಕ್ಕ ಹಾಕಿ

ಸ್ಪ್ರೆಡ್‌ಶೀಟ್‌ನಲ್ಲಿ B1ಗೆ 25000, B2ಗೆ 25300, B3ಗೆ 0.12, B4ಗೆ =7/365 ಹಾಕಿ. ಆಮೇಲೆ B5ರಿಂದ B8ರವರೆಗೆ ಕ್ರಮವಾಗಿ ಈ ನಾಲ್ಕು ಸಾಲು:

```
=(LN(B1/B2)+B3^2*B4/2)/(B3*SQRT(B4))
=B5-B3*SQRT(B4)
=NORM.S.DIST(B5,TRUE)
=NORM.S.DIST(B6,TRUE)
```

B7ರಲ್ಲಿ ಬರುವುದು ಡೆಲ್ಟಾ, 0.239. B8ರಲ್ಲಿ ಬರುವುದು ಇನ್ ದ ಮನಿ ಆಗುವ ಸಾಧ್ಯತೆ, 0.234. ನಿಜವಾದ ಆಪ್ಷನ್‌ಗೆ ಲೆಕ್ಕ ಹಾಕುವಾಗ B1ರಲ್ಲಿ ಅದೇ ಎಕ್ಸ್‌ಪೈರಿಯ ಫ್ಯೂಚರ್ಸ್ ದರ ಹಾಕಿ, ಬಡ್ಡಿಯೂ ಅದರಲ್ಲೇ ಸೇರಿರುತ್ತದೆ. ವಾರದ ಆಪ್ಷನ್‌ಗೆ ಅಂಥ ಫ್ಯೂಚರ್ಸ್ ಇರುವುದಿಲ್ಲ. ಅಷ್ಟು ಕಡಿಮೆ ದಿನಕ್ಕೆ ನಿಫ್ಟಿಯ ದರವೇ ಸಾಕು.

ಈ ಎರಡು ಉತ್ತರಗಳ ಅಂತರ ವಾರದ ಆಪ್ಷನ್‌ನಲ್ಲಿ ಕಣ್ಣಿಗೂ ಬೀಳದು. ಅವಧಿ ಉದ್ದವಾದರೆ ಕತೆ ಬೇರೆ. ಅಮೆರಿಕದಲ್ಲಿ ವರ್ಷಕ್ಕೂ ಮೀರಿದ ಅವಧಿಯ ಷೇರು ಆಪ್ಷನ್‌ಗಳಿವೆ, ಲೀಪ್ಸ್ ಅಂತ ಹೆಸರು. 40% IV ಇರುವ ಷೇರಿನ, ಇವತ್ತಿನ ಬೆಲೆಯ ಸ್ಟ್ರೈಕ್‌ನ, ಒಂದು ವರ್ಷದ ಕಾಲ್‌ಗೆ ಇದೇ ಸೂತ್ರ ಹಾಕಿ. ಡೆಲ್ಟಾ 0.58, ಸಾಧ್ಯತೆ 0.42. ಡೆಲ್ಟಾ ನಂಬಿದವರು ಅರ್ಧಕ್ಕಿಂತ ಹೆಚ್ಚು ಚಾನ್ಸ್ ಇದೆ ಅಂದುಕೊಳ್ಳುತ್ತಾರೆ, ಇರುವುದು ಅರ್ಧಕ್ಕಿಂತ ಕಡಿಮೆ! ಗೆದ್ದರೆ ಬೆಲೆ ದುಪ್ಪಟ್ಟಾಗುವಂಥ ಫಲಿತಾಂಶಗಳೂ ಇಲ್ಲಿವೆ. ಡೆಲ್ಟಾ ಅವನ್ನು ಎರಡೆರಡಾಗಿ ಎಣಿಸುತ್ತದೆ. ಪುಟ್‌ನಲ್ಲಿ ಇದು ತಿರುಗುಮುರುಗು, ಮೈನಸ್ ಚಿಹ್ನೆ ಬಿಟ್ಟು ನೋಡಿದರೆ ಡೆಲ್ಟಾ ಸಾಧ್ಯತೆಗಿಂತ ಕಡಿಮೆ ತೋರಿಸುತ್ತದೆ.

24% ಯಾವುದರ ಚಾನ್ಸ್?

ಜನ ಜಾಸ್ತಿ ಎಡವುವುದು ಇಲ್ಲಿ. ಇದು ಎಕ್ಸ್‌ಪೈರಿ ದಿನ ನಿಫ್ಟಿ 25,300ರ ಮೇಲೆ ನಿಲ್ಲುವ ಚಾನ್ಸ್, ಅಷ್ಟೇ. ಲಾಭದ ಚಾನ್ಸ್ ಅಲ್ಲ. ಕೊಂಡವರು 58 ರೂಪಾಯಿ ಕೊಟ್ಟಿದ್ದಾರೆ, ಅಲ್ವಾ? ಎಕ್ಸ್‌ಪೈರಿವರೆಗೆ ಇಟ್ಟುಕೊಂಡರೆ ಅವರಿಗೆ ಲಾಭ ಶುರುವಾಗುವುದು 25,358 ದಾಟಿದ ಮೇಲೆ. B2ರಲ್ಲಿ 25358 ಹಾಕಿ ನೋಡಿ, B8 ಸುಮಾರು 0.19ಕ್ಕೆ ಇಳಿಯುತ್ತದೆ.

ಮಾರಿದವರಿಗೆ ಬೇರೆಯೇ ತಾಪತ್ರಯ. "76% ಗೆಲುವು ನಮ್ಮದೇ" ಎಂದು ಮಾರಿ, 25,300 ಮುಟ್ಟಿದರೆ ಹೊರಬರುವ ಸ್ಟಾಪ್‌ಲಾಸ್ ಇಡುತ್ತಾರೆ. ಆದರೆ ಏಳು ದಿನದಲ್ಲಿ ಯಾವಾಗಲಾದರೂ ಒಮ್ಮೆ ಆ ಮಟ್ಟ ಮುಟ್ಟುವ ಸಾಧ್ಯತೆ, ಕೊನೆಗೆ ಅದರ ಮೇಲೆ ನಿಲ್ಲುವ ಸಾಧ್ಯತೆಯ ಹತ್ತಿರಹತ್ತಿರ ಎರಡು ಪಟ್ಟು. ಮುಟ್ಟಿದ ಮೇಲೆ ನಿಫ್ಟಿ ಏರಲೂಬಹುದು, ಇಳಿಯಲೂಬಹುದು, ಸರಿಸುಮಾರು ಅರ್ಧರ್ಧ. ಹೀಗಾಗಿ ಮುಟ್ಟಿದ ಸಲಗಳಲ್ಲಿ ಅರ್ಧ ಮಾತ್ರ ಕೊನೆಗೂ ಮೇಲೆ ಉಳಿಯುತ್ತವೆ. ಇಲ್ಲಿ ಸ್ಟಾಪ್‌ಲಾಸ್ ಹೊಡೆಯುವ ಸಾಧ್ಯತೆ 47%ರ ಆಸುಪಾಸು.

IV ನೋಡದೆ ಡೆಲ್ಟಾ ನಂಬಬೇಡಿ

ಡೆಲ್ಟಾಗೆ ಮಾರುಕಟ್ಟೆಯ ಭವಿಷ್ಯ ಗೊತ್ತಿಲ್ಲ. IVಯಿಂದ ಹುಟ್ಟಿದ ಸಂಖ್ಯೆ ಅದು. ನಿಫ್ಟಿ ಕದಲದೆ IV ಮಾತ್ರ 12ರಿಂದ 18% ಆದರೆ ಇದೇ ಕಾಲ್‌ನ ಡೆಲ್ಟಾ 0.32, ಬೆಲೆ ಸುಮಾರು 128. ಬಜೆಟ್, ಚುನಾವಣಾ ಫಲಿತಾಂಶದ ಮುಂಚೆ ಹೀಗೆ ಉಬ್ಬುತ್ತದೆ. ಆಗ 128 ಕೊಟ್ಟು ಕೊಂಡಿರಿ ಅನ್ನಿ. ಸುದ್ದಿ ಬಂತು, ನಿಫ್ಟಿ 100 ಪಾಯಿಂಟ್ ಏರಿತು, IV ಮತ್ತೆ 12ಕ್ಕೆ ಇಳಿಯಿತು. ಡೆಲ್ಟಾ ಪ್ರಕಾರ 32 ರೂಪಾಯಿ ಸಿಗಬೇಕಿತ್ತು. ಪ್ರೀಮಿಯಂ ಮಾತ್ರ ಸುಮಾರು 86ಕ್ಕೆ ಬಂದು ನಿಂತಿರುತ್ತದೆ, 40 ರೂಪಾಯಿಗೂ ಹೆಚ್ಚು ನಷ್ಟ.

ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತದೆ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಎಣಿಕೆ ದಿನ, ನಿಫ್ಟಿ ಒಂದೇ ದಿನ ಸುಮಾರು 6% ಕುಸಿಯಿತು. ನಮ್ಮ ಸೂತ್ರಕ್ಕೆ ಗೊತ್ತಿರುವುದು ಸಣ್ಣಸಣ್ಣ ಹೆಜ್ಜೆಗಳ ನಡಿಗೆ ಮಾತ್ರ, ಇಂಥ ಜಿಗಿತಕ್ಕೆ ಅದರಲ್ಲಿ ಜಾಗವಿಲ್ಲ. ಎನ್‌ಎಸ್‌ಇ ವೆಬ್‌ಸೈಟಿನ ಆಪ್ಷನ್ ಚೈನ್‌ನಲ್ಲಿ IV ಎಂಬ ಕಾಲಂ ಇದೆ. ಹಿಂದಿನ ಕೆಲವು ದಿನಗಳ ಮಟ್ಟಕ್ಕಿಂತ ಅದು ತುಂಬಾ ಮೇಲಿದ್ದರೆ, B3ರಲ್ಲಿ ಮಾಮೂಲಿ IV ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ. ಎರಡು ಉತ್ತರಗಳ ನಡುವೆ ಎಷ್ಟು ಅಂತರವಿದೆಯೋ, ಆ ಆಪ್ಷನ್‌ನ ಡೆಲ್ಟಾದಲ್ಲಿ ಅಷ್ಟು ಭಾಗ ಸುದ್ದಿಯ ಭಯದ್ದು.