ಬೇಸಿಗೆ, ಮಳೆ, ಚಳಿ: ಅಂಗಡಿಯಲ್ಲಿ ಯಾವ ಕ್ರೀಮ್ ಎಷ್ಟಿಡಬೇಕು?

ಮೆಡಿಕಲ್ ಶಾಪ್ ಅಥವಾ ಫ್ಯಾನ್ಸಿ ಸ್ಟೋರ್ ಇಟ್ಟವರಿಗೆ ಒಂದು ವಿಷಯ ಗೊತ್ತಿರುತ್ತದೆ. ಬಾಡಿ ಲೋಷನ್ ಮಾರುವುದು ಕಷ್ಟವಲ್ಲ, ಫೆಬ್ರವರಿಯಲ್ಲಿ ಉಳಿದ ಬಾಡಿ ಲೋಷನ್ ಮಾರುವುದು ಕಷ್ಟ. ಹುಬ್ಬಳ್ಳಿ-ಧಾರವಾಡದಂಥ ಊರಿನ ಸಣ್ಣ ಮೆಡಿಕಲ್ ಶಾಪನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ಹಳೇ ಬಿಲ್ ತೆಗೆಯಿರಿ. ಹೋದ ಚಳಿಗಾಲದಲ್ಲಿ ಬಾಡಿ ಲೋಷನ್ ತಿಂಗಳಿಗೆಷ್ಟು ಹೋಯಿತು ನೋಡಿ. ನವೆಂಬರ್‌ನಲ್ಲಿ 30, ಡಿಸೆಂಬರ್‌ನಲ್ಲಿ 48, ಜನವರಿಯಲ್ಲಿ 40, ಫೆಬ್ರವರಿಯಲ್ಲಿ 12 ಬಾಟಲಿ ಎಂದಿಟ್ಟುಕೊಳ್ಳಿ. ಒಟ್ಟು 130. ದಸರಾ ಹೊತ್ತಿಗೆ ಸೇಲ್ಸ್‌ಮನ್ ಬಂದು, 'ಒಟ್ಟಿಗೆ 150 ತಗೊಳ್ಳಿ, ಒಳ್ಳೇ ಸ್ಕೀಮ್ ಇದೆ' ಎನ್ನುತ್ತಾರೆ. ಬೇಡ. ಡಿಸ್ಟ್ರಿಬ್ಯೂಟರ್ ಊರಲ್ಲೇ ಇದ್ದು ಮಾಲು ಎರಡು-ಮೂರು ದಿನದಲ್ಲಿ ಬರುವಂತಿದ್ದರೆ, ಅಕ್ಟೋಬರ್ ಕೊನೆಗೆ 40 ತರಿಸಿ. ಆಮೇಲೆ ಖರ್ಚಾದಂತೆ ವಾರಕ್ಕೆ ಒಂದು ಡಜನ್ ಸಾಕು.

ಮುಖ್ಯವಾದ ದಿನ ಸಂಕ್ರಾಂತಿ. ಅಷ್ಟರಲ್ಲಿ ಜನವರಿಯ 40ರಲ್ಲಿ ಸುಮಾರು 20 ಹೋಗಿರುತ್ತದೆ. ಮುಂದೆ ಹೋಗುವುದು ಉಳಿದ 20, ಫೆಬ್ರವರಿಯ 12, ಒಟ್ಟು 32. ಶೆಲ್ಫ್‌ನಲ್ಲಿ ಅಷ್ಟಿದ್ದರೆ ಅಲ್ಲಿಗೆ ಆರ್ಡರ್ ನಿಲ್ಲಿಸಿ. ಕಡಿಮೆ ಇದ್ದರೆ ಕೊರತೆಯಷ್ಟನ್ನೇ ತರಿಸಿ, ಅದೂ ಸಣ್ಣ ಬಾಟಲಿಯಲ್ಲಿ. ನವೆಂಬರ್‌ನಲ್ಲಿ ಮನೆಮಂದಿಗೆಲ್ಲ ಆಗುವ 400 ಎಂ.ಎಲ್. ಕೇಳುವ ಗಿರಾಕಿ, ಜನವರಿ ಕೊನೆಗೆ 100 ಎಂ.ಎಲ್. ಸಾಕೆನ್ನುತ್ತಾರೆ. ದೊಡ್ಡ ಬಾಟಲಿ ಉಳಿದರೆ ಮುಂದಿನ ದೀಪಾವಳಿಗೆ ಎಕ್ಸ್‌ಪೈರಿ ಹತ್ತಿರ ಬಂದಿರುತ್ತದೆ. ಡೇಟ್ ನೋಡಿದ ಗಿರಾಕಿ ಅದನ್ನು ಕೆಳಗಿಟ್ಟು ಹೋಗುತ್ತಾರೆ.

ಚಳಿಗಾಲದಲ್ಲಿ ಮಾಲಿನ ಜೊತೆ ಒಂದು ಮಾತನ್ನೂ ಹೇಳಿ. ಸ್ನಾನವಾದ ಕೂಡಲೇ, ಮೈ ಇನ್ನೂ ಸ್ವಲ್ಪ ತೇವವಿರುವಾಗಲೇ ಲೋಷನ್ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಗುಣ ಕಾಣುವುದಿಲ್ಲ, 'ನಿಮ್ಮ ಲೋಷನ್ ಸರಿಯಿಲ್ಲ' ಎಂಬ ದೂರು ಬರುತ್ತದೆ. ಹಿಮ್ಮಡಿ ಒಡೆದವರಿಗೆ ಯೂರಿಯಾ ಇರುವ ಕ್ರೀಮ್ ಕೊಡಿ. ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ ಮಾತ್ರ ಬೇಡ, ಅದು ಉರಿಯುತ್ತದೆ. ಅಂಥವರಿಗೆ ಪೆಟ್ರೋಲಿಯಂ ಜೆಲ್ಲಿಯೇ ಒಳ್ಳೆಯದು. ಸಕ್ಕರೆ ಕಾಯಿಲೆ ಇರುವವರಾದರೆ ಡಾಕ್ಟರ್ ಹತ್ತಿರ ಕಳಿಸಿ.

ಸನ್‌ಸ್ಕ್ರೀನ್ ಏಪ್ರಿಲ್‌ನಲ್ಲಿ ಬಂದರೆ ತಡವಾಯಿತು. ಇಲ್ಲಿ ಶಿವರಾತ್ರಿ ಕಳೆದರೆ ಬಿಸಿಲು ಚುರುಗುಟ್ಟುತ್ತದೆ. ಫೆಬ್ರವರಿ ಕೊನೆಗೇ ಅದು ಕಣ್ಣಿನ ಮಟ್ಟದ ಶೆಲ್ಫ್‌ಗೆ ಬರಲಿ, ಲೋಷನ್ ಕೆಳಗಿಳಿಯಲಿ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದ, ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ ಬೇಕು. ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಲ್ಲಿ ಮುಗಿಯುತ್ತದೆ. ಮಾರ್ಚ್ ಮೊದಲ ವಾರ ಕೊಂಡವರು ಏಪ್ರಿಲ್ ಮೂರನೇ ವಾರಕ್ಕೆ ಮತ್ತೆ ಬರಬೇಕು, ಆ ಹೊತ್ತಿಗೆ ಸ್ಟಾಕ್ ತಯಾರಿರಲಿ. ಜೂನ್ ಬಂದರೂ ಟ್ಯೂಬ್ ಮುಗಿದಿಲ್ಲ ಎಂದರೆ ಅವರು ಹಚ್ಚುತ್ತಿರುವುದು ತೀರಾ ಕಡಿಮೆ. ಕೊಡುವಾಗಲೇ ಬೆರಳಿನ ಮೇಲೆ ಅಳತೆ ತೋರಿಸಿಬಿಡಿ. ಇನ್ನೊಂದು ಮಾತು, ಬಿಸಿಲು ಬೀಳುವ ಗಾಜಿನ ಶೋಕೇಸ್‌ನಲ್ಲಿ ಸನ್‌ಸ್ಕ್ರೀನ್, ಲಿಪ್ ಬಾಮ್ ಇಡಬೇಡಿ. ಕಾವಿಗೆ ಕ್ರೀಮ್ ಒಡೆದು ನೀರೇ ಬೇರೆ, ಜಿಡ್ಡೇ ಬೇರೆ ಆಗುತ್ತದೆ. ಟ್ಯೂಬ್ ಒತ್ತಿದಾಗ ಮೊದಲು ನೀರು ಬಂದರೆ ಅದೇ ಗುರುತು.

ಮಳೆಗಾಲದಲ್ಲಿ ಹೊಸ ಮಾಲು ಜಾಸ್ತಿ ಬೇಡ. ಜಿಡ್ಡಿಲ್ಲದ ಜೆಲ್ ಮಾಯಿಶ್ಚರೈಸರ್, ಫೇಸ್ ವಾಶ್ ಸಾಕು. ಸನ್‌ಸ್ಕ್ರೀನ್ ಕಡಿಮೆ ಮಾಡಿ, ಪೂರ್ತಿ ತೆಗೆಯಬೇಡಿ. ಆದರೆ ಜೂನ್‌ನಿಂದ ತೊಡೆಸಂದು, ಕಾಲ್ಬೆರಳ ಸಂದಿನ ತುರಿಕೆ ಶುರುವಾಗುತ್ತದೆ. 'ಜಲ್ದಿ ಕಡಿಮೆ ಆಗೋದು ಕೊಡ್ರಿ' ಎಂದು ಕೇಳುತ್ತಾರೆ. ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಕೊಟ್ಟರೆ ಎರಡೇ ದಿನದಲ್ಲಿ ತುರಿಕೆ ಇಳಿಯುತ್ತದೆ, ಗಿರಾಕಿಗೂ ಖುಷಿ. ಒಳಗೆ ಫಂಗಸ್ ಮಾತ್ರ ಹಬ್ಬುತ್ತಲೇ ಇರುತ್ತದೆ, ಹಚ್ಚುವುದು ಬಿಟ್ಟ ಮೇಲೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಅದನ್ನು ಕೊಡಲೇಬೇಡಿ, ಎಷ್ಟೇ ಮಾರ್ಜಿನ್ ಇರಲಿ. ಕ್ಲೋಟ್ರಿಮಜೋಲ್ ಪೌಡರ್ ಕೊಡಿ, ಒಳ ಉಡುಪು ಪೂರ್ತಿ ಒಣಗಿದ ಮೇಲೇ ಹಾಕಿಕೊಳ್ಳಲು ಹೇಳಿ. ಎರಡು ವಾರದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಲಿ.

ಈ ಲೆಕ್ಕ ಎಲ್ಲ ಊರಿಗೂ ಹೊಂದುವುದಿಲ್ಲ. ಮಂಗಳೂರು, ಕಾರವಾರದ ಕಡೆ ವರ್ಷವಿಡೀ ಗಾಳಿಯಲ್ಲಿ ತೇವ ಇರುತ್ತದೆ, ಕೋಲ್ಡ್ ಕ್ರೀಮ್ ಇಲ್ಲಿಯಷ್ಟು ಓಡುವುದಿಲ್ಲ. ಕಲಬುರಗಿಯಲ್ಲಿ ಬೇಸಿಗೆಯ ಪಟ್ಟಿಯೇ ದೊಡ್ಡದು. ಹೊಸದಾಗಿ ಅಂಗಡಿ ತೆರೆದು ಹಳೇ ಬಿಲ್ ಇಲ್ಲದವರು, ಮೊದಲ ವರ್ಷ ಪ್ರತಿ ಐಟಂ ಒಂದೊಂದೇ ಡಜನ್ ತರಿಸಿ. ಅದು ಖಾಲಿಯಾದ ತಾರೀಕನ್ನು ಬಿಲ್ ಹಿಂದೆ ಬರೆದಿಡಿ. ಉಳಿದ ಮಾಲು ವಾಪಸ್ ತಗೊಳ್ಳುತ್ತಾರಾ ಎಂಬುದನ್ನು ಆರ್ಡರ್ ಕೊಡುವ ಮೊದಲೇ ಡಿಸ್ಟ್ರಿಬ್ಯೂಟರ್‌ಗೆ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.