ಹಳ್ಳದ ಬದಿಯ ಡೊಂಕು ಹೊಲ ಎಷ್ಟು ಗುಂಟೆ? 33 ಅಡಿಗೊಂದು ಪಟ್ಟಿ ಹಾಕಿ ನೋಡಿ

ನಾಲ್ಕೂ ಬದು ನೇರವಾಗಿರುವ ಹೊಲವನ್ನು ಅಳೆಯುವುದು ಯಾರಿಗೂ ಕಷ್ಟವಲ್ಲ. ಒಂದು ಬದಿಗೆ ಹಳ್ಳವೋ ಕೆರೆಯ ಅಂಗಳವೋ ಬಂದು ಅಂಚು ಡೊಂಕಾದಾಗಲೇ ತಕರಾರು ಶುರುವಾಗುವುದು. ಉಳುಮೆಯ ಬಾಡಿಗೆ, ನಾಟಿಯ ಗುತ್ತಿಗೆ, ಗೊಬ್ಬರದ ಲೆಕ್ಕ ಎಲ್ಲವೂ ಎಕರೆಯ ಮೇಲೆ ನಡೆಯುವುದರಿಂದ ಸಾಗುವಳಿ ಆಗುತ್ತಿರುವ ನೆಲ ನಿಜಕ್ಕೂ ಎಷ್ಟು ಎಂದು ಗೊತ್ತಿರಬೇಕು. ಅದಕ್ಕೆ ಬೇಕಾದದ್ದು 100 ಅಡಿಯ ಒಂದು ಟೇಪು, ಹತ್ತು ಗೂಟ, ಒಂದು ಹುರಿಹಗ್ಗ, ಕಾಗದ-ಪೆನ್ನು, ಮತ್ತೆ ಇಬ್ಬರು.

ಇಲ್ಲಿ ಆ ಇಬ್ಬರು ರಾಗಿ ಬೆಳೆಯುವ ಅಪ್ಪ ಮತ್ತು ಪಿಯುಸಿ ಓದುವ ಮಗಳು. ಉದಾಹರಣೆಗೆ ತೆಗೆದುಕೊಂಡ ಹೊಲದ ಪೂರ್ವಕ್ಕೆ 218 ಅಡಿ ಉದ್ದದ ನೇರ ಬದು ಇದೆ, ಪಶ್ಚಿಮಕ್ಕೆ ಹಳ್ಳ. ಉತ್ತರದ ಬದು 92 ಅಡಿ, ದಕ್ಷಿಣದ್ದು 70 ಅಡಿ, ಎರಡೂ ಪೂರ್ವದ ಬದುವಿಗೆ ಮೂಲೆಮಟ್ಟವಾಗಿ, ಅಂದರೆ ಲಂಬವಾಗಿ ಇವೆ.

"ಇದಕ್ಕೆ ಇಷ್ಟೆಲ್ಲ ಗೂಟ ಯಾಕಮ್ಮ? ಎದುರುಬದುರು ಬದು ಕೂಡಿಸಿ ಅರ್ಧ ಮಾಡೋದು, ಆ ಎರಡನ್ನೂ ಗುಣಿಸೋದು. ನಮ್ಮಪ್ಪನ ಕಾಲದಿಂದಲೂ ಹಂಗೇ."

"ಹಂಗೇ ಮಾಡಿ ನೋಡೋಣ. ಹಳ್ಳದ ಅಂಚು ಹಿಡಿದು ಟೇಪು ಬಿಟ್ಟರೆ 257 ಅಡಿ. ಅದಕ್ಕೆ 218 ಸೇರಿಸಿ ಅರ್ಧ ಮಾಡಿದ್ರೆ 237.5. ಆ ಕಡೆ 92, 70 ಎರಡರ ಸರಾಸರಿ 81. ಗುಣಿಸಿದ್ರೆ 19,237 ಚದರ ಅಡಿ. ಗುಂಟೆಗೆ 1,089 ಅಂತ ಭಾಗಿಸಿದ್ರೆ ಹದಿನೇಳೂವರೆ ಗುಂಟೆಗೆ ಚೂರು ಮೇಲೆ."

"ಅಷ್ಟೇನಾ? ಇಪ್ಪತ್ತು ದಾಟತ್ತೆ ಅಂತಿದ್ದೆ ನಾನು."

"ದಾಟತ್ತಪ್ಪ. ಹೊಲ ನಡುವಲ್ಲಿ ಹೊಟ್ಟೆ ಬಿಟ್ಟಿದೆ, ಅಲ್ಲಿ ಅಗಲ 131 ಅಡಿ ಇದೆ. ನಿನ್ನ ಲೆಕ್ಕದಲ್ಲಿ ನಡುವಿನ ಅಗಲ ಎಲ್ಲೂ ಅಳೆದೇ ಇಲ್ವಲ್ಲ."

ಎದುರುಬದುರು ಬದುಗಳ ಸರಾಸರಿಯ ತೊಂದರೆ ಇದೇ. ಅದು ತುದಿಗಳನ್ನು ಮಾತ್ರ ನೋಡುತ್ತದೆ. ನಡು ಉಬ್ಬಿದ್ದರೆ ಕಮ್ಮಿ ತೋರಿಸುತ್ತದೆ, ನಡು ಸೊರಗಿದ್ದರೆ ಹೆಚ್ಚು.

ಬದುವಿನ ಮೇಲೆ ಗೂಟ

ಮೊದಲು ನೇರ ಬದುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹುರಿ ಬಿಗಿದು ಕಟ್ಟಿ. ಇದೇ ಬುಡರೇಖೆ. ಉತ್ತರದ ಮೂಲೆಯನ್ನು 0 ಎಂದು ಹಿಡಿದು ಹುರಿಯ ಗುಂಟ 33 ಅಡಿಗೊಂದು ಗೂಟ ನೆಡುತ್ತಾ ಹೋಗಿ. ಈ ಹೊಲದಲ್ಲಿ 33, 66, 99, 132, 165, 198 ಅಡಿಗೆ ಗೂಟ ಬರುತ್ತವೆ. ಒಂದು ಗೂಟದಿಂದ ಮುಂದಿನ ಗೂಟದವರೆಗಿನ ನೆಲವೇ ಒಂದು ಪಟ್ಟಿ. ಕೊನೆಯಲ್ಲಿ 20 ಅಡಿ ಮಿಕ್ಕುತ್ತದೆ. ಅದನ್ನು ಎಲ್ಲದಕ್ಕೂ ಹಂಚಿ ಸರಿದೂಗಿಸಲು ಹೋಗಬೇಡಿ, ಕೊನೆಯ ಕಿರುಪಟ್ಟಿ ಎಂದು ಬೇರೆಯಾಗಿಯೇ ಇಟ್ಟುಕೊಳ್ಳಿ.

"33 ಯಾಕೆ, 30 ಆದ್ರೆ ಆಗಲ್ವಾ?"

"ಆಗತ್ತೆ. ಆದ್ರೆ 33 ಅಡಿ ಉದ್ದ, 33 ಅಡಿ ಅಗಲ ಅಂದ್ರೆ ಸರಿಯಾಗಿ ಒಂದು ಗುಂಟೆ. ಪಟ್ಟಿಯ ಅಗಲ 33 ಇಟ್ಕೊಂಡ್ರೆ ಉದ್ದಗಳನ್ನ ಕೂಡಿಸಿ 33ರಿಂದ ಭಾಗಿಸಿದ್ರೆ ಸಾಕು, ನೇರ ಗುಂಟೆಯೇ ಬರತ್ತೆ. ಚದರ ಅಡಿ ಸಹವಾಸವೇ ಬೇಡ."

ಅಡ್ಡ ಅಳತೆ

ಪ್ರತಿ ಗೂಟದಿಂದ ಹಳ್ಳದ ಅಂಚಿನವರೆಗೆ ಎಷ್ಟು ಅಡಿ ಎಂದು ಅಳೆಯಬೇಕು. ಹೆಚ್ಚಿನ ತಪ್ಪು ನುಸುಳುವುದು ಇಲ್ಲೇ, ಏಕೆಂದರೆ ಟೇಪು ಬುಡರೇಖೆಗೆ ಮೂಲೆಮಟ್ಟವಾಗಿ ಹೋಗಬೇಕು. ಅಪ್ಪ ಕಣ್ಣಂದಾಜಲ್ಲಿ ಹೊರಟರೆ ಮಗಳು ತಡೆಯುತ್ತಾಳೆ.

"ನಿಲ್ಲಪ್ಪ. ಗೂಟದಿಂದ ಹುರಿ ಮೇಲೆ 20 ಅಡಿಗೆ ಒಂದು ಗುರುತು ಹಾಕು. ಗೂಟದಿಂದ ಹೊಲದೊಳಕ್ಕೆ 15 ಅಡಿ ಬಾ. ಈಗ ಆ ಗುರುತಿಂದ ನಿನ್ನ ಹತ್ರಕ್ಕೆ ಸರಿಯಾಗಿ 25 ಅಡಿ ಇರಬೇಕು. ಜಾಸ್ತಿ ಬಂದ್ರೆ ಗುರುತಿನ ಕಡೆ ಸರಿ, ಕಮ್ಮಿ ಬಂದ್ರೆ ಆಚೆ ಸರಿ."

"ಇದು ಗಾರೆ ಮೇಸ್ತ್ರಿಗಳು ಪಾಯ ಹಾಕುವಾಗ ಹಿಡಿಯೋ ಮೂಲೆಮಟ್ಟ ಅಲ್ವಾ? ಅವರು 3, 4, 5 ಅಡಿಯಲ್ಲೇ ಮುಗಿಸ್ತಾರೆ."

"ಅವರದ್ದು ಹತ್ತು-ಇಪ್ಪತ್ತು ಅಡಿ ಗೋಡೆ. ನಾವು 131 ಅಡಿ ಹೋಗಬೇಕು. 3 ಅಡಿಯಲ್ಲಿ ಒಂದು ಇಂಚು ವಾಲಿದ್ರೆ ಆ ತುದೀಲಿ ಮೂರೂವರೆ ಅಡಿ ವಾಲಿರತ್ತೆ."

ಹೀಗೆ ವಾಲಿದಾಗ ಉದ್ದದಲ್ಲಿ ಬರುವ ವ್ಯತ್ಯಾಸ ಅಷ್ಟೇನೂ ಇಲ್ಲ, ಆದರೆ ಟೇಪು ಹಳ್ಳದ ಅಂಚನ್ನು ಮುಟ್ಟುವ ಜಾಗವೇ ಬದಲಾಗುತ್ತದೆ. ಅಂಚು ಓರೆಯಾಗಿ ಓಡುವ ಕಡೆ ಅದರಿಂದ ಒಂದೆರಡು ಅಡಿ ಹೆಚ್ಚು ಕಮ್ಮಿ ಆಗುತ್ತದೆ. ಆದ್ದರಿಂದ ತ್ರಿಕೋನವನ್ನು ದೊಡ್ಡದಾಗಿಯೇ ಹಾಕಿ. 15 ಅಡಿಯ ಗುರುತಿಗೆ ಒಂದು ಕೋಲು ನಿಲ್ಲಿಸಿ, ಗೂಟ ಮತ್ತು ಕೋಲು ಒಂದರ ಹಿಂದೊಂದು ಕಾಣುವ ಹಾಗೆ ನಿಂತು, ಮುಂದೆ ಹೋಗುವವರಿಗೆ ಎಡಕ್ಕೆ ಬಲಕ್ಕೆ ಎಂದು ಹೇಳುತ್ತಿರಿ. ಟೇಪಿನ 100 ಅಡಿ ಮುಗಿದ ಕಡೆ ಗೂಟ ಹೊಡೆದು, ಅಲ್ಲಿಂದ ಅದೇ ಸಾಲಿನಲ್ಲಿ ಮುಂದುವರಿಸಿ.

ನೆಲ ಹಳ್ಳದ ಕಡೆ ಇಳಿಜಾರಿದ್ದರೆ ಟೇಪನ್ನು ನೆಲಕ್ಕೆ ಒರಗಿಸಿ ಅಳೆಯಬಾರದು. ತಗ್ಗಿನ ತುದಿಯನ್ನು ಎತ್ತಿ ಮಟ್ಟವಾಗಿ ಹಿಡಿದು, ಕಲ್ಲು ಕಟ್ಟಿದ ದಾರ ಇಳಿಬಿಟ್ಟು ಅದು ಮುಟ್ಟಿದ ಜಾಗವನ್ನು ಗುರುತು ಮಾಡಿಕೊಳ್ಳಿ. 20 ಅಡಿಯ ತುಂಡುಗಳಲ್ಲಿ ಇಳಿಯುತ್ತಾ ಹೋದರೆ ಸಲೀಸು. ಹತ್ತು ಅಡಿಗೆ ಒಂದು ಅಡಿ ಇಳಿಜಾರಿದ್ದರೆ ನೂರಕ್ಕೆ ಅರ್ಧ ಅಡಿ ಮಾತ್ರ ಹೆಚ್ಚು ಬರುತ್ತದೆ, ಅದನ್ನು ಬಿಡಬಹುದು. ಐದು ಅಡಿಗೆ ಒಂದು ಅಡಿ ಎಂದರೆ ನೂರಕ್ಕೆ ಎರಡು ಅಡಿ. ಇಷ್ಟು ದೊಡ್ಡ ಹೊಲದಲ್ಲಿ ಅದು ಹತ್ತಿರ ಹತ್ತಿರ ಅರ್ಧ ಗುಂಟೆ.

ಅಳೆದು ಬರೆದುಕೊಂಡದ್ದು ಹೀಗಿದೆ:

0 ಅಡಿಯಲ್ಲಿ 92
33 ಅಡಿಯಲ್ಲಿ 110
66 ಅಡಿಯಲ್ಲಿ 126
99 ಅಡಿಯಲ್ಲಿ 131
132 ಅಡಿಯಲ್ಲಿ 124
165 ಅಡಿಯಲ್ಲಿ 108
198 ಅಡಿಯಲ್ಲಿ 86
218 ಅಡಿಯಲ್ಲಿ 70

ಕೂಡಿಸುವುದು

"ಪ್ರತಿ ಪಟ್ಟಿಗೂ ಈ ಕಡೆ ಉದ್ದ, ಆ ಕಡೆ ಉದ್ದ ಕೂಡಿಸಿ ಅರ್ಧ ಮಾಡಪ್ಪ. ಮೊದಲನೇದಕ್ಕೆ 92, 110 ಸೇರಿ 202, ಅರ್ಧ 101."

"ಎರಡನೇದು 118. ಆಮೇಲೆ 128.5, 127.5, 116, 97. ಆರೂ ಸೇರಿ 688."

"33ರಿಂದ ಭಾಗಿಸಿದ್ರೆ 20.85. ಅಂದ್ರೆ 20 ಗುಂಟೆ, ಹದಿಮೂರೂವರೆ ಆಣೆ."

ಗುಂಟೆಗೆ 16 ಆಣೆಯಾದ್ದರಿಂದ ಚುಕ್ಕಿಯ ನಂತರದ ಭಾಗವನ್ನು 16ರಿಂದ ಗುಣಿಸಿದರೆ ಆಣೆ ಸಿಗುತ್ತದೆ. ಕೊನೆಯ ಕಿರುಪಟ್ಟಿಯನ್ನು ಮಾತ್ರ ಚದರ ಅಡಿಯಲ್ಲಿ ಮಾಡಬೇಕು. 86 ಮತ್ತು 70ರ ಸರಾಸರಿ 78, ಅಗಲ 20, ಗುಣಿಸಿದರೆ 1,560 ಚದರ ಅಡಿ. 1,089ರಿಂದ ಭಾಗಿಸಿದರೆ 1.43 ಗುಂಟೆ. ಎಲ್ಲ ಸೇರಿ 22.28 ಗುಂಟೆ.

"ಅಲ್ಲಮ್ಮ, ಹಳ್ಳ ಡೊಂಕಾಗಿ ಹೋಗತ್ತೆ. ನೀನು ಒಂದು ಗೂಟದ ತುದಿಯಿಂದ ಇನ್ನೊಂದರ ತುದಿಗೆ ನೇರ ಗೀಟು ಎಳೆದಂಗೆ ಲೆಕ್ಕ ಹಾಕ್ತಿದ್ದೀಯ. ನಡುವೆ ಉಬ್ಬಿದ್ದು ಬಿಟ್ಟುಹೋಗಲ್ವಾ?"

"ಬಿಟ್ಟುಹೋಗತ್ತೆ, ಎಷ್ಟು ಅಂತಲೂ ಅಂದಾಜು ಮಾಡಬಹುದು. ಗೂಟಗಳನ್ನ ಒಂದು ಬಿಟ್ಟು ಒಂದು ಹಿಡಿದು, 66 ಅಡಿ ಪಟ್ಟಿ ಹಾಕಿದ್ರೆ ಏನು ಬರ್ತಿತ್ತು ನೋಡೋಣ. ಮೊದಲ 198 ಅಡಿಗೆ 22,374 ಚದರ ಅಡಿ. 33 ಅಡಿ ಪಟ್ಟಿಯಲ್ಲಿ ಅದೇ ಜಾಗಕ್ಕೆ 22,704. ವ್ಯತ್ಯಾಸ 330."

"ಸರಿ, ಅದರಿಂದ ಏನು ಗೊತ್ತಾಯ್ತು?"

"ಅಂಚು ನಯವಾಗಿ ಬಾಗಿದ್ರೆ, ಪಟ್ಟಿಯ ಅಗಲ ಅರ್ಧ ಮಾಡಿದಾಗ ತಪ್ಪು ಕಾಲುಭಾಗಕ್ಕೆ ಇಳಿಯತ್ತೆ. ಅಂದ್ರೆ ಇನ್ನೂ ಉಳಿದಿರೋ ತಪ್ಪು ಆ 330ರಲ್ಲಿ ಮೂರನೇ ಒಂದು ಭಾಗ, 110 ಚದರ ಅಡಿ. ಎರಡು ಆಣೆಯೂ ಇಲ್ಲ. ಇದಕ್ಕಿಂತ ಸಣ್ಣ ಪಟ್ಟಿ ಹಾಕಿ ಒದ್ದಾಡೋದು ಬೇಕಿಲ್ಲ."

ಗೂಟದ ನಡುವೆ ಅಡಗಿದ ಕೊರಕಲು

"ಆಯ್ತು. ಆದ್ರೆ ಆ ಹೊಂಗೆ ಮರದ ಹತ್ರ ಮಳೆಗಾಲದಲ್ಲಿ ನೀರು ಕೊರೆದು ಒಳಕ್ಕೆ ಬಂದಿದೆಯಲ್ಲ, ಅದು ನಿನ್ನ ಕಾಗದದಲ್ಲಿ ಎಲ್ಲಿದೆ?"

ಎಲ್ಲೂ ಇಲ್ಲ. ಕೊರಕಲು 132 ಮತ್ತು 165ರ ಗೂಟಗಳ ನಡುವೆ ಬಿದ್ದಿದೆ, ಯಾವ ಅಡ್ಡ ಅಳತೆಯೂ ಅದನ್ನು ಮುಟ್ಟಿಲ್ಲ. 66 ಮತ್ತು 33ರ ಉತ್ತರಗಳನ್ನು ಹೋಲಿಸುವ ಪರೀಕ್ಷೆಗೂ ಅದು ಸಿಗದು, ಎರಡು ಸಲವೂ ಅದೇ ಗೂಟಗಳ ಮೇಲೆಯೇ ಲೆಕ್ಕ ನಡೆದದ್ದಲ್ಲವೇ? ಪಟ್ಟಿ ವಿಧಾನದ ನಿಜವಾದ ದೌರ್ಬಲ್ಯ ಇದು. ಅಂಚು ನಯವಾಗಿ ಬಾಗಿದರೆ ಲೆಕ್ಕ ಚೆನ್ನಾಗಿ ಬರುತ್ತದೆ, ಥಟ್ಟನೆ ಮುರಿದರೆ ಗೂಟಗಳ ನಡುವೆ ಏನಾಯಿತು ಎನ್ನುವುದು ಕಾಗದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಅಳೆಯುವ ಮುಂಚೆಯೇ ಅಂಚಿನ ಉದ್ದಕ್ಕೂ ನಡೆದು, ಚೂಪಾಗಿ ಒಳಗೆ ಬಂದ ಮತ್ತು ಹೊರಗೆ ಚಾಚಿದ ಕಡೆಯೆಲ್ಲ ಒಂದೊಂದು ಗೂಟ ಹೊಡೆಯಬೇಕು.

ಇಂಥ ಜಾಗಕ್ಕೆ ಮೂಲೆಮಟ್ಟ ಹಿಡಿಯುವ ಬಗೆ ಬೇರೆ. ಟೇಪಿನ ಸೊನ್ನೆ ತುದಿಯನ್ನು ಅಪ್ಪ ಕೊರಕಲಿನ ಮೂಲೆಯಲ್ಲಿ ಹಿಡಿದು ನಿಲ್ಲುತ್ತಾನೆ. ಮಗಳು ಬದುವಿನ ಹತ್ತಿರ ಟೇಪನ್ನು ಬಿಗಿಯಾಗಿ ಹಿಡಿದು ಹುರಿಯ ಗುಂಟ ಆ ಕಡೆ ಈ ಕಡೆ ಸರಿಯುತ್ತಾಳೆ. ಹುರಿಯ ಮೇಲೆ ಅಳತೆ ಎಲ್ಲಿ ಅತಿ ಕಡಿಮೆ ಬರುತ್ತದೋ ಅಲ್ಲಿ ಮೂಲೆಮಟ್ಟ ಇದೆ. ಇಲ್ಲಿ ಅದು 132ರ ಗೂಟದಿಂದ 16 ಅಡಿ 6 ಇಂಚಿಗೆ ಬಂತು, ಉದ್ದ 98 ಅಡಿ.

"ಹಾಗಾದ್ರೆ ಐದನೇ ಪಟ್ಟಿ ಈಗ ಎರಡು ಹೋಳು. ಒಂದರ ಸರಾಸರಿ 124, 98ರದ್ದು, 111. ಇನ್ನೊಂದರದ್ದು 98, 108ರದ್ದು, 103. ಎರಡೂ ಒಂದೇ ಅಗಲ ಇರೋದ್ರಿಂದ ಇಡೀ ಪಟ್ಟಿಗೆ 107 ಅಂತ ಹಿಡಿ. ಮೊದಲು 116 ಹಿಡಿದಿದ್ವಿ."

"ಒಂಬತ್ತು ಕಮ್ಮಿ. 688 ಹೋಗಿ 679."

"ಭಾಗಿಸಿದ್ರೆ 20.58. ಕಿರುಪಟ್ಟಿ 1.43 ಸೇರಿಸಿ 22.01. ಇಪ್ಪತ್ತೆರಡು ಗುಂಟೆ."

ಒಂದೇ ಕೊರಕಲು 297 ಚದರ ಅಡಿ, ಅಂದರೆ ನಾಲ್ಕು ಆಣೆಗೂ ಮೇಲೆ ತಿಂದಿದೆ. ಅಂಚಿನ ಬಾಗಿನಿಂದ ಉಳಿದ ತಪ್ಪಿಗೆ ಹೋಲಿಸಿದರೆ ಇದು ಎರಡೂವರೆ ಪಟ್ಟನ್ನೂ ಮೀರುತ್ತದೆ. ಕೊರಕಲು ಗೂಟಗಳ ಸರಿಯಾಗಿ ನಡುವೆ ಬೀಳದೆ 10 ಅಡಿಗೋ 12 ಅಡಿಗೋ ಬಿದ್ದಿದ್ದರೆ ಎರಡು ಹೋಳುಗಳನ್ನೂ ಕಿರುಪಟ್ಟಿಯಂತೆ ಚದರ ಅಡಿಯಲ್ಲಿ ಬೇರೆ ಬೇರೆ ಮಾಡಬೇಕಾಗುತ್ತಿತ್ತು.

ಎರಡೂ ಅಂಚು ಡೊಂಕಾಗಿರುವ ಹೊಲಕ್ಕೂ ಇದೇ ಕ್ರಮ. ಹುರಿಯನ್ನು ಬದುವಿನ ಮೇಲೆ ಕಟ್ಟದೆ ಹೊಲದ ನಡುವೆ ಉದ್ದಕ್ಕೆ ಕಟ್ಟಿ, ಪ್ರತಿ ಗೂಟದಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಪೂರ್ತಿ ಅಳೆಯಿರಿ. ಹೊಲ ಚೂಪಾಗಿ ಮುಗಿದರೆ ಅಲ್ಲಿನ ಉದ್ದ 0 ಎಂದು ಬರೆಯಬೇಕು. ಅದನ್ನು ಬರೆಯದೆ ಬಿಟ್ಟರೆ ಕೊನೆಯ ಪಟ್ಟಿಯೇ ಲೆಕ್ಕದಿಂದ ಜಾರಿಹೋಗುತ್ತದೆ.

"ಪಹಣೀಲಿ 24 ಗುಂಟೆ ಅಂತಿದೆಯಲ್ಲಮ್ಮ. ಇನ್ನೆರಡು ಗುಂಟೆ ಎಲ್ಲಿ ಹೋಯ್ತು?"

"ನಾವು ಅಳೆದದ್ದು ಉಳೋ ನೆಲ ಮಾತ್ರ. ಪಹಣಿ ವಿಸ್ತೀರ್ಣದಲ್ಲಿ ಉಳೋಕೆ ಬಾರದ ಖರಾಬು ಸೇರಿದೆಯಾ ನೋಡಬೇಕು. ಹಳ್ಳ ಕೊರೆದು ಹೋದದ್ದೂ ಇರಬಹುದು. ಗಡಿ ಬಗ್ಗೆ ಅನುಮಾನ ಇದ್ರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೇಯವರಿಂದಲೇ ಅಳೆಸಬೇಕು, ನಮ್ಮ ಟೇಪಿನ ಲೆಕ್ಕ ಅಲ್ಲಿ ನಡೆಯಲ್ಲ."

"ಗೊಬ್ಬರಕ್ಕೆ?"

"ಅದಕ್ಕೆ ಇದೇ ಸರಿ. ಎಕರೆಗೆ 50 ಕೆಜಿ ಹಾಕೋದಾದ್ರೆ 22 ಗುಂಟೆಗೆ ಇಪ್ಪತ್ತೇಳೂವರೆ. 24 ಅಂತ ಹಿಡಿದಿದ್ರೆ 30 ಹಾಕ್ತಿದ್ದೆ."

ಅಳತೆ ಮುಗಿದ ಮೇಲೆ ಬದುವಿನ ಗೂಟಗಳನ್ನು ಕಿತ್ತು, ಅದೇ ಜಾಗದಲ್ಲಿ ಒಂದೊಂದು ಕಲ್ಲು ಹೂತಿಡಿ. ಮುಂದಿನ ಮಳೆಗಾಲದ ನಂತರ ಹಳ್ಳದ ಅಂಚು ಬದಲಾದರೆ ಕೊರೆದ ಕಡೆಯ ಎರಡು ಮೂರು ಅಡ್ಡ ಅಳತೆಗಳನ್ನಷ್ಟೇ ಮತ್ತೆ ತೆಗೆದು, ಆಯಾ ಪಟ್ಟಿಯ ಸರಾಸರಿ ತಿದ್ದಿದರೆ ಹೊಸ ಲೆಕ್ಕ ಸಿಗುತ್ತದೆ.